ಅಮೆರಿಕದಿಂದ ಅಣ್ಣ ಗೇಮ್ ಕನ್ಸೋಲ್ ತರ್ತಿದ್ದಾರೆ: ಕಸ್ಟಮ್ಸ್ ಎಷ್ಟು, ನಮ್ಮ ಕರೆಂಟಿಗೆ ನಡೆಯುತ್ತಾ?

ರಾಯಚೂರು ಮಂಜು (ಸೆಪ್ಟೆಂಬರ್ 2025)

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ಮಗ ಡಲ್ಲಾಸ್‌ನಲ್ಲಿ ಕೆಲಸದಲ್ಲಿದ್ದಾರೆ. ಅಣ್ಣ, ಅತ್ತಿಗೆ ಇಬ್ಬರೂ ದೀಪಾವಳಿಗೆ ಊರಿಗೆ ಬರ್ತಿದ್ದಾರೆ. ಹೈದರಾಬಾದಿನಲ್ಲಿ ಇಳಿದು ಅಲ್ಲಿಂದ ಕಾರಿನಲ್ಲಿ ರಾಯಚೂರಿಗೆ. ಇಬ್ಬರದೂ ಇಂಡಿಯಾ ಪಾಸ್‌ಪೋರ್ಟೇ.

ನನಗೆ ಒಂದು ಹೊಸ ನಿಂಟೆಂಡೊ ಸ್ವಿಚ್ 2 ತರೋಕೆ ಹೇಳಿದ್ದೀನಿ. ಇಲ್ಲಿ ಅದನ್ನು ಕಂಪನಿಯವರು ನೇರವಾಗಿ ಮಾರೋದಿಲ್ಲ, ಹೊರಗಿನಿಂದ ತಂದು ಮಾರೋರು ಬಾಯಿಗೆ ಬಂದ ರೇಟು ಹೇಳ್ತಾರೆ. ಅಲ್ಲಿ ಕನ್ಸೋಲ್ 449.99 ಡಾಲರ್, ಪ್ರೊ ಕಂಟ್ರೋಲರ್ 84.99, ಮಾರಿಯೊ ಕಾರ್ಟ್ ವರ್ಲ್ಡ್ ಗೇಮ್ 79.99. ಇದರ ಜೊತೆಗೆ ಅಣ್ಣ ತಾವು ಆಡ್ತಿದ್ದ ಹಳೇ ಎಕ್ಸ್‌ಬಾಕ್ಸ್ ಒನ್ ಕೂಡ ತರ್ತೀನಿ ಅಂದಿದ್ದಾರೆ, ನಮ್ಮ ಅಕ್ಕನ ಮಗನಿಗೆ ಅಂತ. 2013ರ ಮಾಡೆಲ್, ದಪ್ಪನೆಯದು, ಅಡಾಪ್ಟರೇ ಇಟ್ಟಿಗೆಯಷ್ಟಿದೆ.

ಏರ್‌ಪೋರ್ಟಿನಲ್ಲಿ ಎಷ್ಟು ಕಟ್ಟಬೇಕಾಗುತ್ತೆ? ಅಮೆರಿಕದ್ದು 120 ವೋಲ್ಟ್, ನಮ್ಮದು 230. ಎರಡೂ ಇಲ್ಲಿ ನಡೆಯುತ್ತವಾ? ತಿಳಿದವರು ಹೇಳಿ.

ಗಂಗಾವತಿ ಗೇಮರ್

ಬ್ರೋ, ಏನೂ ತಲೆ ಕೆಡಿಸ್ಕೋಬೇಡಿ. ನಮ್ಮ ಮನೇಲಿ ಅಮೆರಿಕದ ಹಳೇ ಸ್ವಿಚ್ ಇದೆ, ಒಂದು ಪಿನ್ ಹಾಕಿ ನೇರವಾಗಿ ಗೋಡೆಗೆ ಚುಚ್ಚಿದ್ದೀವಿ. ಇಲ್ಲಿವರೆಗೆ ಏನೂ ಆಗಿಲ್ಲ. ಈಗಿನ ಎಲೆಕ್ಟ್ರಾನಿಕ್ಸ್ ಎಲ್ಲಾ 100ರಿಂದ 240 ವೋಲ್ಟಿಗೆ ನಡೆಯುತ್ತೆ. ಎಕ್ಸ್‌ಬಾಕ್ಸ್ ಕೂಡ ಹಾಗೇ.

ಡ್ಯೂಟಿ ಮಾತ್ರ ಜಾಸ್ತಿ. ಶೇ 38.5. ನಿಮ್ಮ ಸಾಮಾನು 54 ಸಾವಿರ ಆದ್ರೆ ಇಪ್ಪತ್ತು ಸಾವಿರದ ಮೇಲೆ ಕಟ್ಟಬೇಕು. ತರಿಸೋದೇ ದಂಡ.

ಬಳ್ಳಾರಿ ಸಿದ್ದು (ರಿಪೇರಿ)

ಮಂಜು ಅವರೇ, ದಯವಿಟ್ಟು ಎಕ್ಸ್‌ಬಾಕ್ಸನ್ನು ಹಾಗೇ ಚುಚ್ಚಬೇಡಿ. ಸ್ವಿಚ್ ವಿಷಯದಲ್ಲಿ ಗೇಮರ್ ಹೇಳಿದ್ದು ಸರಿ. ಎಕ್ಸ್‌ಬಾಕ್ಸ್ ವಿಷಯದಲ್ಲಿ ಪೂರ್ತಿ ತಪ್ಪು.

ನೋಡಬೇಕಾದ್ದು ಕನ್ಸೋಲಿನ ವಯಸ್ಸಲ್ಲ, ಕಂಪನಿ ಹೆಸರೂ ಅಲ್ಲ. ಅಡಾಪ್ಟರ್ ಮೇಲೆ ಸಣ್ಣ ಅಕ್ಷರದಲ್ಲಿ INPUT ಅಂತ ಒಂದು ಸಾಲು ಇರುತ್ತೆ, ಅದನ್ನು ಓದಬೇಕು. ಸ್ವಿಚ್ ಅಡಾಪ್ಟರಿನಲ್ಲಿ ಹೀಗಿದೆ:

```
INPUT: AC 100-240V 50/60Hz
```

ಇದು ಎಲ್ಲಿ ಬೇಕಾದರೂ ನಡೆಯುತ್ತೆ. ಅಮೆರಿಕದಲ್ಲಿ ಮಾರಿದ 2013ರ ಎಕ್ಸ್‌ಬಾಕ್ಸ್ ಒನ್ ಜೊತೆ ಬರೋ ಇಟ್ಟಿಗೆಯಂಥ ಅಡಾಪ್ಟರಿನಲ್ಲಿ ಇರೋದು ಬೇರೆ:

```
INPUT: 100-127V
```

ಇದಕ್ಕೆ ನಮ್ಮ 230 ಕೊಟ್ಟರೆ ಸತ್ತೇ ಹೋಗುತ್ತೆ. ಹೋದ ವರ್ಷ ಒಬ್ಬರು ಹೊಸಪೇಟೆಯಿಂದ ಇಂಥದ್ದೇ ಒಂದನ್ನು ತಂದಿದ್ದರು. ಸ್ವಿಚ್ ಒತ್ತಿದ ತಕ್ಷಣ ಟಪ್ ಅಂತ ಸದ್ದು, ಮೀನು ಸುಟ್ಟ ಹಾಗೆ ವಾಸನೆ ಅಂದರು. ಬಿಚ್ಚಿ ನೋಡಿದರೆ ಒಳಗಿನ ದೊಡ್ಡ ಕೆಪಾಸಿಟರಿನ ತಲೆ ಉಬ್ಬಿ ಸೀಳಿತ್ತು, ಬೋರ್ಡ್ ತುಂಬಾ ಕಂದು ಬಣ್ಣದ ಅಂಟು. ಫ್ಯೂಸ್ ಹೋಗಿತ್ತು, ಪಕ್ಕದಲ್ಲಿರೋ, ಹೆಚ್ಚಿನ ವೋಲ್ಟೇಜ್ ತಡೆಯೋ ನೀಲಿ ಬಿಲ್ಲೆಯಂಥ ಎಂಒವಿ ಕಪ್ಪಾಗಿತ್ತು.

ಕಾರಣ ಸರಳ. ಒಳಗೆ ಮೊದಲು ಎಸಿಯನ್ನು ಡಿಸಿ ಮಾಡ್ತಾರೆ. ಆಗ 120 ವೋಲ್ಟ್ ಸುಮಾರು 170 ಆಗುತ್ತೆ, ಅದಕ್ಕೆ ಸಾಮಾನ್ಯವಾಗಿ 200 ವೋಲ್ಟಿನ ಕೆಪಾಸಿಟರ್ ಹಾಕಿರ್ತಾರೆ. ನಮ್ಮ 230 ಹೋದರೆ ಅದು 325 ವೋಲ್ಟ್ ಆಗುತ್ತೆ. ತಡೆಯೋದು ಹೇಗೆ? ಅವರ ಅದೃಷ್ಟಕ್ಕೆ ಕನ್ಸೋಲ್ ಬದುಕಿತ್ತು. ಅಡಾಪ್ಟರ್ ಬೇರೆ ಇದ್ದಾಗ ಪೆಟ್ಟು ಹೆಚ್ಚಾಗಿ ಅದಕ್ಕೇ ಬೀಳುತ್ತೆ. ಪವರ್ ಸಪ್ಲೈ ಒಳಗೇ ಇರೋ ಮೆಷಿನ್ ಆಗಿದ್ದರೆ ಹೀಗೆ ಪಾರಾಗೋದು ಕಷ್ಟ.

ಕೊಪ್ಪಳದ ಅನಿತಾ

ಸಿದ್ದು ಅಣ್ಣ, ಒಂದು ಡೌಟು. ಅಂಗಡಿಯಲ್ಲಿ ಟ್ರಾವೆಲ್ ಅಡಾಪ್ಟರ್ ಅಂತ ಇನ್ನೂರು ಮುನ್ನೂರಕ್ಕೆ ಸಿಗುತ್ತಲ್ಲ, ಅದು ವೋಲ್ಟೇಜ್ ಕಡಿಮೆ ಮಾಡಲ್ವಾ?

ಬಳ್ಳಾರಿ ಸಿದ್ದು (ರಿಪೇರಿ)

ಇಲ್ಲ ಅಕ್ಕ. ಅದು ಪಿನ್ನಿನ ಆಕಾರ ಮಾತ್ರ ಬದಲಾಯಿಸುತ್ತೆ. ಈ ಕಡೆ 230 ಹೋದರೆ ಆ ಕಡೆಯೂ 230 ಬರುತ್ತೆ. ಹೆಚ್ಚು ಜನ ಮೋಸ ಹೋಗೋದು ಇಲ್ಲೇ.

ಗಂಗಾವತಿ ಗೇಮರ್

ಸರಿ ಅಣ್ಣ, ಎಕ್ಸ್‌ಬಾಕ್ಸ್ ಒನ್ ನಾನು ನೋಡಿಲ್ಲ. ಆದ್ರೆ ಅಮೆರಿಕದಲ್ಲೇ ಕನ್ವರ್ಟರ್ ಸಿಗುತ್ತಲ್ಲ, ಅಂಗೈಯಗಲದ್ದು, 1,600 ವ್ಯಾಟ್ ಅಂತ ಬರೆದಿರುತ್ತೆ. ಅಣ್ಣನಿಗೆ ಅದನ್ನೂ ತರೋಕೆ ಹೇಳಿದ್ರೆ ಮುಗೀತು ಅಲ್ವಾ?

ಬಳ್ಳಾರಿ ಸಿದ್ದು (ರಿಪೇರಿ)

ಅದು ಹೇರ್ ಡ್ರೈಯರ್, ಇಸ್ತ್ರಿ ಪೆಟ್ಟಿಗೆಗೆ ಮಾಡಿದ್ದು. ಕರೆಂಟಿನ ಅಲೆಯನ್ನು ತುಂಡು ತುಂಡಾಗಿ ಕತ್ತರಿಸಿ ಕೊಡುತ್ತೆ. ಕಾಯೋ ತಂತಿಗೆ ಅದು ಸಾಕು, ಎಲೆಕ್ಟ್ರಾನಿಕ್ಸಿಗೆ ಆಗೋದಿಲ್ಲ. ಅಷ್ಟು ಹಗುರವಾಗಿದ್ದೂ 1,600 ವ್ಯಾಟ್ ಅಂದರೆ ಅದೇ ಜಾತಿ ಅಂತ ತಿಳ್ಕೊಳ್ಳಿ.

ಬೇಕಾಗಿರೋದು ತಾಮ್ರದ ಸುತ್ತು, ಕಬ್ಬಿಣದ ಕೋರ್ ಇರೋ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್, 230ರಿಂದ 110. ಈ ಎಕ್ಸ್‌ಬಾಕ್ಸಿಗೆ 1,000 ವಿಎ ತಗೊಂಡರೆ ನೆಮ್ಮದಿ. ಕಿಲೋಗಟ್ಟಲೆ ತೂಕ ಇರುತ್ತೆ, ಬಿಸಿ ಆಗುತ್ತೆ, ಆಡದಿದ್ದಾಗಲೂ ಗುಂಯ್ ಅಂತಿರುತ್ತೆ.

ಅದಕ್ಕಿಂತ ಒಳ್ಳೆ ದಾರಿ ಇದೆ. ಎಕ್ಸ್‌ಬಾಕ್ಸ್ ಒನ್ 2014ರಲ್ಲಿ ಇಂಡಿಯಾಕ್ಕೂ ಬಂತು. ಇಲ್ಲಿ ಮಾರಿದ ಅಡಾಪ್ಟರ್ 200-240 ವೋಲ್ಟಿನದು. ಕನ್ಸೋಲಿಗೆ ಹೋಗೋ ಕಡೆಯ ಕನೆಕ್ಟರ್ ಎರಡಕ್ಕೂ ಒಂದೇ, ಬರೋ ಕರೆಂಟೂ ಒಂದೇ. ಸೆಕೆಂಡ್ ಹ್ಯಾಂಡ್ ಒರಿಜಿನಲ್ ಹುಡುಕಿ. ಅದರಲ್ಲಿ OUTPUT ಸಾಲಿನಲ್ಲಿ 12V 17.9A ಇದೆಯಾ ನೋಡ್ಕೊಳ್ಳಿ. ಎಕ್ಸ್‌ಬಾಕ್ಸ್ 360ದು ಬೇರೆ, ಅದನ್ನು ತರಬೇಡಿ. ಅಮೆರಿಕದ ಇಟ್ಟಿಗೆಯನ್ನು ಅಣ್ಣ ಅಲ್ಲೇ ಬಿಟ್ಟು ಬರಲಿ, ಬ್ಯಾಗಿನಲ್ಲಿ ತೂಕವೂ ಉಳಿಯುತ್ತೆ.

ದಮ್ಮಾಮ್ ರಫೀಕ್

ಅಸ್ಸಲಾಮು ಅಲೈಕುಮ್, ನಮಸ್ಕಾರ. ನಾನು ಸೌದಿಯಿಂದ ಕೆಲಸ ಮುಗಿಸಿ ಪೂರ್ತಿಯಾಗಿ ಸಿಂಧನೂರಿಗೆ ವಾಪಸ್ ಬಂದವನು. ಪ್ಲೇಸ್ಟೇಷನ್, ಮಿಕ್ಸಿ, ಮಕ್ಕಳ ಸೈಕಲ್ ಎಲ್ಲಾ ತಂದೆ. ಒಂದು ರೂಪಾಯಿ ಕಟ್ಟಲಿಲ್ಲ. ವರ್ಷಗಟ್ಟಲೆ ಹೊರಗಿದ್ದವರಿಗೆ ಲಕ್ಷಗಟ್ಟಲೆ ಬಿಡ್ತಾರೆ. ನಿಮ್ಮ ಅಣ್ಣನೂ ವರ್ಷಗಳಿಂದ ಅಲ್ಲಿದ್ದಾರಲ್ಲ, ಅವರಿಗೂ ಅನ್ವಯ ಆಗುತ್ತೆ. ಕೇಳಿ ನೋಡಿ.

ಶಂಶಾಬಾದ್ ಸವಾರ

ರಫೀಕ್ ಭಾಯ್, ನಿಮ್ಮ ಕೇಸ್ ಬೇರೆ. ಅದು ಹೊರದೇಶದಲ್ಲಿ ಕೆಲಸ ಮಾಡಿ ವಾಪಸ್ ಬರೋರಿಗೆ ಮನೆ ಸಾಮಾನಿನ ಮೇಲೆ ಕೊಡೋ ರಿಯಾಯಿತಿ. ಮಂಜು ಅವರ ಅಣ್ಣ ಹಬ್ಬಕ್ಕೆ ಬಂದು ಮತ್ತೆ ಹೋಗೋರು. ಅವರು ಲೆಕ್ಕ ಹಾಕಬೇಕಾದ್ದು ಎಲ್ಲರಿಗೂ ಇರೋ ಮಾಮೂಲಿ ಮಿತಿಯನ್ನು.

ನಾನು ರಾಯಚೂರಿನಿಂದ ಏರ್‌ಪೋರ್ಟಿಗೆ ಗಾಡಿ ಓಡಿಸ್ತೀನಿ. ಗಲ್ಫಿನಿಂದ, ಅಮೆರಿಕದಿಂದ ಬರೋರನ್ನು ಕರ್ಕೊಂಡು ಬರ್ತೀನಿ. ಕಸ್ಟಮ್ಸ್‌ನಲ್ಲಿ ಸಿಕ್ಕೊಂಡು ಗಂಟೆಗಟ್ಟಲೆ ಹೊರಗೆ ಬರದೇ ಇದ್ದವರು ಎಷ್ಟೋ ಜನ. ಬಹಳ ಸಲ ಕಾರಣ ಒಂದೇ, ಬಿಲ್ ಕೈಯಲ್ಲಿ ಇರೋದಿಲ್ಲ.

ತುಂಗಭದ್ರಾ ತೀರ

ಡ್ಯೂಟಿ ಲೆಕ್ಕ ನಾನು ಹೇಳ್ತೀನಿ, ಆಮದು ಕಾಗದಪತ್ರದ ಕೆಲಸವೇ ನನ್ನದು.

ಈಗ, ಅಂದರೆ 2025ರಲ್ಲಿ, ಜಾರಿಯಲ್ಲಿರೋ 2016ರ ಬ್ಯಾಗೇಜ್ ನಿಯಮದಂತೆ ಅಮೆರಿಕದಿಂದ ಬರೋ ಇಂಡಿಯನ್ ಪ್ರಯಾಣಿಕರಿಗೆ ತಲಾ 50,000 ರೂಪಾಯಿ ಸಾಮಾನು ಡ್ಯೂಟಿ ಫ್ರೀ. ಲ್ಯಾಪ್‌ಟಾಪ್ ಒಂದನ್ನು ಇದರ ಹೊರಗೆ ಬಿಡ್ತಾರೆ, ಗೇಮ್ ಕನ್ಸೋಲಿಗೆ ಅಂಥ ರಿಯಾಯಿತಿ ಇಲ್ಲ. ಅದು 50,000ದ ಒಳಗೇ ಬರಬೇಕು. ಗೇಮರ್ ಹೇಳಿದ ಶೇ 38.5 ಸರಿ, ಮೂಲ ಸುಂಕ ಶೇ 35, ಅದರ ಮೇಲೆ ಸರ್‌ಚಾರ್ಜ್ ಸೇರಿ ಅಷ್ಟಾಗುತ್ತೆ. ಆದರೆ ಅದನ್ನು ಹಾಕೋದು ಪೂರ್ತಿ ಬೆಲೆಯ ಮೇಲಲ್ಲ, ಮಿತಿ ದಾಟಿದ ಭಾಗದ ಮೇಲೆ ಮಾತ್ರ.

ಡಾಲರಿಗೆ 88 ರೂಪಾಯಿ ಅಂತ ಹಿಡಿಯೋಣ. ಕಸ್ಟಮ್ಸ್‌ನವರು ತಾವು ಪ್ರಕಟಿಸಿದ ದರವನ್ನೇ ಹಿಡಿತಾರೆ, ಬ್ಯಾಂಕಿನ ದರವನ್ನಲ್ಲ. ಮೂರೂ ಸೇರಿ 614.97 ಡಾಲರ್, ಅಂದರೆ 54,117 ರೂಪಾಯಿ. ಮಿತಿ ದಾಟಿದ್ದು 4,117. ಅದರ ಶೇ 38.5 ಅಂದರೆ 1,585 ರೂಪಾಯಿ. ಇಪ್ಪತ್ತು ಸಾವಿರ ಎಲ್ಲಿ, ಇದು ಎಲ್ಲಿ!

ಇದನ್ನೂ ಕಟ್ಟಬೇಕಾಗಿಲ್ಲ. ಅತ್ತಿಗೆಯವರೂ ಬರ್ತಿದ್ದಾರಲ್ಲ, ಅವರಿಗೂ ಅವರದೇ 50,000 ಇದೆ. ಅಣ್ಣ ಕನ್ಸೋಲ್ ತರಲಿ, ಅದು 39,599. ಅತ್ತಿಗೆ ಕಂಟ್ರೋಲರ್ ಮತ್ತು ಗೇಮ್ ತರಲಿ, ಅದು 14,518. ಅಂಗಡಿಯಲ್ಲಿ ಎರಡು ಬೇರೆ ಬಿಲ್ ಮಾಡಿಸಿ, ಅವರವರ ಬ್ಯಾಗಿನಲ್ಲಿ ಅವರವರ ಸಾಮಾನು ಇರಲಿ.

ಕೊಪ್ಪಳದ ಅನಿತಾ

ಹಾಗಾದ್ರೆ ಗಂಡ ಹೆಂಡತಿ ಸೇರಿ 90 ಸಾವಿರದ ಒಂದೇ ವಸ್ತು ತರಬಹುದಾ? ತಲಾ 45 ಆಗುತ್ತಲ್ಲ.

ತುಂಗಭದ್ರಾ ತೀರ

ಆಗೋದಿಲ್ಲ ಮೇಡಂ. ಒಬ್ಬರ ಮಿತಿಯನ್ನು ಇನ್ನೊಬ್ಬರದಕ್ಕೆ ಕೂಡಿಸೋ ಹಾಗಿಲ್ಲ ಅಂತ ನಿಯಮದಲ್ಲೇ ಇದೆ. 90 ಸಾವಿರದ ಒಂದು ವಸ್ತು ಒಬ್ಬರದೇ, 40 ಸಾವಿರಕ್ಕೆ ಡ್ಯೂಟಿ ಬೀಳುತ್ತೆ. ಬೇರೆ ಬೇರೆ ವಸ್ತುಗಳನ್ನು ಬೇರೆ ಬೇರೆ ಜನ ತರೋದು ಮಾತ್ರ ಸರಿ.

ಹಂಪಿ ಎಕ್ಸ್‌ಪ್ರೆಸ್

ಇಷ್ಟೆಲ್ಲಾ ಲೆಕ್ಕ ಯಾಕ್ರೀ? ಬಾಕ್ಸ್ ಬಿಸಾಕಿ, ಸ್ಕ್ರೀನಿಗೆ ಗಾರ್ಡ್ ಅಂಟಿಸಿ, ಬಟ್ಟೆ ಮಧ್ಯೆ ಇಟ್ಟು ಗ್ರೀನ್ ಚಾನೆಲ್‌ನಲ್ಲಿ ನಡ್ಕೊಂಡು ಬರಬೇಕು. ಕೇಳಿದರೆ ಹಳೇದು ಅನ್ನಬೇಕು. ಎಲ್ಲರೂ ಮಾಡೋದು ಇದನ್ನೇ.

ತುಂಗಭದ್ರಾ ತೀರ

ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಮಿತಿಯೊಳಗೆ ಇದ್ದರೆ ಗ್ರೀನ್ ಚಾನೆಲ್‌ನಲ್ಲಿ ಬರೋದು ಅವರ ಹಕ್ಕು, ಬಚ್ಚಿಡೋ ಅಗತ್ಯವೇ ಇಲ್ಲ. ಮಿತಿ ದಾಟಿದ್ದರೆ ರೆಡ್ ಚಾನೆಲ್‌ಗೆ ಹೋಗಿ ಹೇಳಬೇಕು. ಕಸ್ಟಮ್ಸ್‌ನವರ ಅತಿಥಿ ಆ್ಯಪ್‌ನಲ್ಲಿ ವಿಮಾನ ಹತ್ತೋ ಮುಂಚೆಯೇ ತುಂಬಬಹುದು. ಹೇಳದೆ ಬಂದು ಸಿಕ್ಕಿಬಿದ್ದರೆ ಸಾಮಾನು ಜಪ್ತಿ ಮಾಡಬಹುದು, ಬಿಡಿಸ್ಕೊಳ್ಳೋಕೆ ಡ್ಯೂಟಿ ಜೊತೆ ದಂಡವೂ ಸೇರುತ್ತೆ. 1,585 ರೂಪಾಯಿ ಉಳಿಸೋಕೆ 40 ಸಾವಿರದ ವಸ್ತುವನ್ನು ಪಣಕ್ಕಿಡೋದಾ? ನೌಕರಿ ಇರೋ ಮನುಷ್ಯ, ವೀಸಾ ಮೇಲೆ ಓಡಾಡೋರು. ಸುಳ್ಳು ಹೇಳಿಸೋದು ತಪ್ಪು.

ರಾಯಚೂರು ಮಂಜು

ಬಚ್ಚಿಡೋ ಯೋಚನೆ ಇಲ್ಲ ಸರ್. ಎರಡು ಬಿಲ್ ಮಾಡಿಸೋ ಐಡಿಯಾ ಅಣ್ಣನಿಗೆ ಹೇಳಿದೆ, ಒಪ್ಪಿದರು. ಆದ್ರೆ ಅಲ್ಲಿ ಬಿಲ್ ಮೇಲೆ ಶೇ 8.25 ಸೇಲ್ಸ್ ಟ್ಯಾಕ್ಸ್ ಬೀಳುತ್ತಂತೆ. ಅದೂ ಬೆಲೆಗೆ ಸೇರುತ್ತಾ? ಮತ್ತೆ ಹಳೇ ಎಕ್ಸ್‌ಬಾಕ್ಸಿಗೆ ಬಿಲ್ಲೇ ಇಲ್ಲ, ಅದಕ್ಕೆ ಏನು ಹೇಳಬೇಕು?

ತುಂಗಭದ್ರಾ ತೀರ

ಸೇರಿಸಿಯೇ ಲೆಕ್ಕ ಹಾಕಿ, ಅದು ಸುರಕ್ಷಿತ. ಕನ್ಸೋಲ್ ಟ್ಯಾಕ್ಸ್ ಸೇರಿ 487.11 ಡಾಲರ್, ಅಂದರೆ 42,866 ರೂಪಾಯಿ. ಆಗಲೂ ಅಣ್ಣನ ಮಿತಿಯಲ್ಲಿ ಏಳು ಸಾವಿರ ಉಳಿಯುತ್ತೆ.

ಎಕ್ಸ್‌ಬಾಕ್ಸ್ ಅವರೇ ಆಡ್ತಿದ್ದದ್ದು. ಬಳಸಿದ ಸ್ವಂತ ವಸ್ತು ಅಂತ ಬಿಟ್ಟರೆ ಅದರ ಬೆಲೆ ಲೆಕ್ಕಕ್ಕೇ ಬರೋದಿಲ್ಲ. ಬಿಡದಿದ್ದರೆ ಅಧಿಕಾರಿ ಒಂದು ಬೆಲೆ ಕಟ್ತಾರೆ. ಅದೇ ಮಾಡೆಲ್ ಅಲ್ಲಿ ಸೆಕೆಂಡ್ ಹ್ಯಾಂಡ್ ಎಷ್ಟಕ್ಕೆ ಹೋಗುತ್ತೆ ಅನ್ನೋದರ ಸ್ಕ್ರೀನ್‌ಶಾಟ್ ಫೋನಿನಲ್ಲಿ ಇಟ್ಕೊಳ್ಳಲಿ. 5,000 ಅಂತ ಕಟ್ಟಿದರೂ ಒಟ್ಟು 47,866, ಮಿತಿಯೊಳಗೇ ಇದೆ.

ಶಂಶಾಬಾದ್ ಸವಾರ

ಇಲ್ಲಿ ನನ್ನದು ಬೇರೆ ಅಭಿಪ್ರಾಯ ಸರ್. ಸ್ವಂತಕ್ಕೆ ಬಳಸಿದ್ದು ಅಂತ ಬಿಡೋದು ಬಟ್ಟೆಬರೆ, ಶೇವಿಂಗ್ ಸೆಟ್ಟಿನಂಥ ದಿನನಿತ್ಯದ ಸಾಮಾನನ್ನು. ಗೇಮ್ ಆಡೋ ಮೆಷಿನ್ ದಿನನಿತ್ಯದ ಅಗತ್ಯನಾ? ಅದೂ ಇಲ್ಲಿ ಇನ್ನೊಬ್ಬರಿಗೆ ಕೊಡೋಕೆ ತರ್ತಿರೋದು. ನಾನು ಕರ್ಕೊಂಡು ಬಂದವರಲ್ಲಿ ಕೆಲವರಿಗೆ ಬಿಟ್ಟಿದ್ದಾರೆ, ಕೆಲವರಿಗೆ ಬೆಲೆ ಕಟ್ಟಿದ್ದಾರೆ.

ತುಂಗಭದ್ರಾ ತೀರ

ನಿಮ್ಮ ಮಾತಲ್ಲೂ ಅರ್ಥ ಇದೆ. ಕೌಂಟರಿನಲ್ಲಿರೋರ ವಿವೇಚನೆ ಅದು. ಅದಕ್ಕೇ 5,000 ಸೇರಿಸಿ ಲೆಕ್ಕ ಹಾಕಿದ್ದು.

ಮಾನ್ವಿ ಮಧು

ನಮ್ಮ ಕಸಿನ್ ನ್ಯೂಜೆರ್ಸಿಯಲ್ಲಿದ್ದಾನೆ, ಸದ್ಯಕ್ಕೆ ಊರಿಗೆ ಬರಲ್ಲ. ಕೊರಿಯರ್ ಮಾಡಿ ಗಿಫ್ಟ್ ಅಂತ ಬರೆದರೆ ಡ್ಯೂಟಿ ಬೀಳಲ್ಲ ಅಂತಾನೆ. ನಿಜಾನಾ?

ತುಂಗಭದ್ರಾ ತೀರ

ಅದು ಹಳೇ ಕಥೆ. ಆಗಲೂ 5,000 ರೂಪಾಯಿ ಒಳಗಿನ ಗಿಫ್ಟಿಗೆ ಮಾತ್ರ ಇತ್ತು. 2019ರ ಡಿಸೆಂಬರ್‌ನಲ್ಲಿ ಅದನ್ನೂ ತೆಗೆದರು, ರಾಖಿ ಮತ್ತು ಜೀವ ಉಳಿಸೋ ಔಷಧಿಗೆ ಮಾತ್ರ ಬಿಟ್ಟಿದ್ದಾರೆ. ಕೊರಿಯರಿನಲ್ಲಿ 50,000ದ ಮಿತಿಯೂ ಸಿಗೋದಿಲ್ಲ, ಅದು ಪ್ರಯಾಣಿಕರು ಜೊತೆಯಲ್ಲಿ ತರೋ ಸಾಮಾನಿಗೆ ಮಾತ್ರ. ಮೊದಲ ರೂಪಾಯಿಯಿಂದಲೇ ಸುಂಕ, ಅದರ ಮೇಲೆ ಐಜಿಎಸ್‌ಟಿ. ಯಾರಾದರೂ ಬರೋವರೆಗೆ ಕಾಯಿರಿ.

ಮಾನ್ವಿ ಮಧು

ಅಯ್ಯೋ. ಸರಿ ಸರ್, ಕಾಯ್ತೀನಿ.

ಹಂಪಿ ಎಕ್ಸ್‌ಪ್ರೆಸ್

ಜಪಾನಿನಿಂದ ತರಿಸೋದು ಇನ್ನೂ ಅಗ್ಗ. ಅಲ್ಲಿ ಸ್ವಿಚ್ 2 ಬರೀ 49,980 ಯೆನ್. ಮೂವತ್ತು ಸಾವಿರದ ಆಸುಪಾಸು. ಡ್ಯೂಟಿ ಪ್ರಶ್ನೆಯೇ ಇಲ್ಲ.

ಗಂಗಾವತಿ ಗೇಮರ್

ಅದರಲ್ಲಿ ಜಪಾನೀ ಭಾಷೆ ಮಾತ್ರ ಬ್ರೋ! ಜಪಾನ್ ಅಂತ ದೇಶ ಇಟ್ಟಿರೋ ನಿಂಟೆಂಡೊ ಅಕೌಂಟ್ ಮಾತ್ರ ಸೇರುತ್ತೆ. ಎಲ್ಲಾ ಭಾಷೆ ಇರೋದು ಅಲ್ಲೇ 69,980 ಯೆನ್. ಇದು ನನಗೆ ಚೆನ್ನಾಗಿ ಗೊತ್ತು, ಸುಮ್ನೆ ಅಗ್ಗ ಅಂತ ಬೀಳಬೇಡಿ.

ಕಾರಟಗಿ ಬಸವರಾಜ

ಎಲ್ಲರೂ 230 ವೋಲ್ಟ್ ಅಂತಿದ್ದೀರಿ. ನಮ್ಮ ಕಡೆ 230 ಎಲ್ಲಿದೆ? ಭತ್ತದ ಸೀಸನ್‌ನಲ್ಲಿ ಪಂಪ್‌ಸೆಟ್, ರೈಸ್ ಮಿಲ್ ಎಲ್ಲಾ ಒಟ್ಟಿಗೆ ಓಡಿದಾಗ ಸಂಜೆ ನಮ್ಮ ಮನೆ ಮೀಟರಿನಲ್ಲಿ 170 ತೋರಿಸುತ್ತೆ. ರಾತ್ರಿ ಹನ್ನೊಂದರ ಮೇಲೆ 250 ದಾಟುತ್ತೆ. ಇಂಥ ಕರೆಂಟಿಗೆ ಹೊರದೇಶದ ಮೆಷಿನ್ ತಡೆಯುತ್ತಾ? ಸ್ಟೆಬಿಲೈಜರ್ ಬೇಕಲ್ವಾ?

ಬಳ್ಳಾರಿ ಸಿದ್ದು (ರಿಪೇರಿ)

ಒಳ್ಳೆ ಪ್ರಶ್ನೆ ಬಸಣ್ಣ. 100-240 ಅಂತ ಬರೆದಿರೋ ಅಡಾಪ್ಟರಿಗೆ 170 ಏನೂ ಅಲ್ಲ, ಅದಕ್ಕೆ ಸ್ಟೆಬಿಲೈಜರ್ ಬೇಡ. 250ಕ್ಕೂ ಸಾಮಾನ್ಯವಾಗಿ ತಡೆಯುತ್ತೆ, ಒಳಗೆ ಸ್ವಲ್ಪ ಅಂತರ ಇಟ್ಟೇ ಮಾಡಿರ್ತಾರೆ.

ಇಂಡಿಯಾದ ಎಕ್ಸ್‌ಬಾಕ್ಸ್ ಅಡಾಪ್ಟರ್ ಮಾತ್ರ 200-240. ಸಂಜೆ 170ಕ್ಕೆ ಇಳಿದರೆ ಆಟದ ಮಧ್ಯೆ ಆಫ್ ಆಗಬಹುದು. ಮಂಜು ಅವರ ಅಕ್ಕನ ಮನೆಯಲ್ಲಿ ವೋಲ್ಟೇಜ್ ಹೀಗೆ ಇಳಿಯುತ್ತಿದ್ದರೆ ಅದಕ್ಕೊಂದು ಸ್ಟೆಬಿಲೈಜರ್ ಇರಲಿ.

ನನಗೆ ನಿಜವಾಗಿ ಭಯ ಇರೋದು ನ್ಯೂಟ್ರಲ್ ಕಟ್ ಆಗೋದರ ಬಗ್ಗೆ. ಕಂಬದಲ್ಲಿ ನ್ಯೂಟ್ರಲ್ ತಂತಿ ಕಳಚಿದರೆ ಮನೆಗೆ 400 ವೋಲ್ಟಿನವರೆಗೂ ಬರಬಹುದು. ಆಗ ಯಾವ ದೇಶದ ಅಡಾಪ್ಟರೂ ಉಳಿಯೋದಿಲ್ಲ. ಗುರುತು ಹೀಗೆ: ಕೆಲವು ಬಲ್ಬ್ ಇದ್ದಕ್ಕಿದ್ದಂತೆ ಜೋರಾಗಿ ಉರಿಯುತ್ತೆ, ಫ್ಯಾನ್ ಓಟ ಹೆಚ್ಚಾಗುತ್ತೆ. ತಕ್ಷಣ ಮೇನ್ ಸ್ವಿಚ್ ಇಳಿಸಿ. ಆಡಿ ಮುಗಿದ ಮೇಲೆ ಪ್ಲಗ್ ಕಿತ್ತಿಡೋ ಅಭ್ಯಾಸ ಮಾಡ್ಕೊಳ್ಳಿ.

ಕಾರಟಗಿ ಬಸವರಾಜ

ಹೋದ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಹೀಗೇ ಆಗಿ ಐದಾರು ಮನೆ ಟಿವಿ ಹೋದವು. ಕೇಳಿದರೆ ಗಾಳಿಗೆ ತಂತಿ ಬಿದ್ದಿತ್ತು ಅಂದರು. ಶಕ್ತಿನಗರ, ಕುಡತಿನಿ ಎರಡು ಕಡೆ ಕರೆಂಟ್ ಮಾಡೋ ಸೀಮೆ ನಮ್ಮದು. ನಮಗೇ ನೆಟ್ಟಗೆ ಕೊಡಬೇಕಲ್ವಾ?

ರಾಯಚೂರು ಮಂಜು

ನೂರಕ್ಕೆ ನೂರು ನಿಜ ಬಸಣ್ಣ.

ಸಿದ್ದು ಅಣ್ಣ, ಕೊನೇ ಪ್ರಶ್ನೆ. ಸ್ವಿಚ್ 2 ಅಡಾಪ್ಟರಿನ ಪಿನ್ ಅಮೆರಿಕದ ಚಪ್ಪಟೆ ಪಿನ್. ನಮ್ಮ ಸ್ಪೈಕ್ ಬೋರ್ಡಿನಲ್ಲಿ ಎಲ್ಲಾ ಥರದ ಪಿನ್ ಹೋಗೋ ತೂತು ಇದೆ, ಅದಕ್ಕೇ ಹಾಕಲಾ?

ಬಳ್ಳಾರಿ ಸಿದ್ದು (ರಿಪೇರಿ)

ಹೋಗುತ್ತೆ, ಆದರೆ ಸಡಿಲ ಕೂರುತ್ತೆ. ಒಳಗಿನ ಹಿತ್ತಾಳೆ ಪಟ್ಟಿ ಚಪ್ಪಟೆ ಪಿನ್ನನ್ನು ಅಂಚಿನಲ್ಲಿ ಮಾತ್ರ ಹಿಡಿಯುತ್ತೆ. ಚಿರ್ ಅಂತ ಸಣ್ಣ ಸದ್ದು ಬರ್ತಿದ್ದರೆ, ಕಿತ್ತಾಗ ಪಿನ್ ಬಿಸಿ ಇದ್ದು ತುದಿ ಕಪ್ಪಾಗಿದ್ದರೆ ಒಳಗೆ ಕಿಡಿ ಹಾರ್ತಿದೆ ಅಂತ ಅರ್ಥ. ಒಂದು ಗಟ್ಟಿ ಪಿನ್ ಕನ್ವರ್ಟರ್ ತಗೊಳ್ಳಿ. ಈ ಅಡಾಪ್ಟರಿಗೆ ಅದು ಸಾಕು.

ಶಂಶಾಬಾದ್ ಸವಾರ

ಮಂಜು, ಒಂದು ಮಾತು ಬಿಟ್ಟುಹೋಯ್ತು. ಸ್ವಿಚ್ ಒಳಗೆ ಬ್ಯಾಟರಿ ಇದೆ, ಅಣ್ಣ ಅದನ್ನು ಕೈ ಬ್ಯಾಗಿನಲ್ಲೇ ಇಟ್ಕೊಳ್ಳಲಿ. ಬಿಲ್ಲನ್ನು ಫೋನಿನಲ್ಲಿ ಮಾತ್ರ ಇಡದೆ ಒಂದು ಪ್ರಿಂಟ್ ಕೂಡ ಇರಲಿ, ಇಳಿಯೋ ಹೊತ್ತಿಗೆ ಚಾರ್ಜ್ ಇರಲ್ಲ, ನೆಟ್ ಸಿಗಲ್ಲ. ವಿಮಾನ ಎಷ್ಟು ಗಂಟೆಗೆ? ಗಾಡಿ ಬೇಕಿದ್ದರೆ ಮೆಸೇಜ್ ಹಾಕಿ.

ರಾಯಚೂರು ಮಂಜು

ಬೆಳಗಿನ ಜಾವ ಅಣ್ಣ, ಟಿಕೆಟ್ ನೋಡಿ ಮೆಸೇಜ್ ಹಾಕ್ತೀನಿ. ಎಕ್ಸ್‌ಬಾಕ್ಸಿನ ಅಡಾಪ್ಟರ್ ಫೋಟೋ ಕಳಿಸೋಕೆ ಡಲ್ಲಾಸ್‌ಗೆ ಹೇಳಿದ್ದೆ, ಈಗ ಬಂತು. ಸಿದ್ದು ಅಣ್ಣ ಹೇಳಿದ ಹಾಗೇ 100-127V. ಬಳ್ಳಾರಿ ಕಡೆ ಯಾರ ಹತ್ತಿರಾದ್ರೂ ಇಂಡಿಯಾದ ಒರಿಜಿನಲ್ ಅಡಾಪ್ಟರ್ ಇದ್ದರೆ ತಿಳಿಸಿ, ನಾನೇ ಬಂದು ತಗೊಂಡು ಹೋಗ್ತೀನಿ.